ಕನ್ನಡದ ಬ್ಯಾಂಕ್ ಸ್ಟೇಟ್‌ಮೆಂಟ್ ಇಂಗ್ಲಿಷಿಗೆ: ವೀಸಾಗೆ ಕೊಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ವೀಸಾ ಅರ್ಜಿ ನೋಡುವವರಿಗೆ ಕನ್ನಡ ಬರುವುದಿಲ್ಲ, ಆದರೆ ಅಂಕಿ ಓದಲು ಬರುತ್ತದೆ. ಅವರು ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಬಹುದು. ಎಲ್ಲಾದರೂ ಒಂದು ಕಡೆ ತಾಳೆಯಾಗದಿದ್ದರೆ ಉಳಿದ ಪುಟಗಳ ಮೇಲೂ ಅನುಮಾನ ಬರುತ್ತದೆ. ನಾನು ಈ ಕೆಲಸ ಮಾಡುವವಳು. ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಬ್ಯಾಂಕೇ ಇಂಗ್ಲಿಷಿನಲ್ಲಿ ಕೊಡಲ್ವಾ? ಅನುವಾದ ಯಾಕೆ ಬೇಕು?

ಕೊಟ್ಟರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೊದಲು ಅದನ್ನೇ ಕೇಳಿ. ಬ್ಯಾಂಕೇ ಕೊಟ್ಟ ಇಂಗ್ಲಿಷ್ ಸ್ಟೇಟ್‌ಮೆಂಟ್ ಮೂಲ ದಾಖಲೆಯೇ ಆಗುತ್ತದೆ, ಅನುವಾದದ ಗೋಜೇ ಇರುವುದಿಲ್ಲ.

ಅನುವಾದ ಬೇಕಾಗುವುದು ಪಾಸ್‌ಬುಕ್ ಕೈಬರಹದಲ್ಲಿದ್ದಾಗ, ಸ್ಟೇಟ್‌ಮೆಂಟ್ ಕನ್ನಡದಲ್ಲಿ ಮಾತ್ರ ಬರುವಾಗ, ಇಲ್ಲವೇ ತಲೆಬರಹ ಇಂಗ್ಲಿಷಿನಲ್ಲಿದ್ದು ವಿವರದ ಕಾಲಂ, ಸೀಲು, ಮ್ಯಾನೇಜರ್ ಷರಾ ಕನ್ನಡದಲ್ಲಿದ್ದಾಗ. ಅರ್ಧ ಇಂಗ್ಲಿಷ್ ಇದೆಯಲ್ಲ, ಸಾಕು ಅಂತ ಬಿಡಬೇಡಿ. ಕನ್ನಡದಲ್ಲಿ ಒಂದು ಸಾಲು ಇದ್ದರೂ ಆ ಪುಟದ ಅನುವಾದ ಪೂರ್ತಿ ಇರಬೇಕು.

ನಾನೇ ಅನುವಾದ ಮಾಡಿಕೊಂಡು ಸಹಿ ಹಾಕಬಹುದಾ?

ದೇಶದ ಮೇಲೆ ಹೋಗುತ್ತದೆ. ಕೆನಡಾದ ವಲಸೆ ಇಲಾಖೆ ಸ್ಪಷ್ಟವಾಗಿ ಬೇಡ ಅನ್ನುತ್ತದೆ. ಅರ್ಜಿದಾರರೂ ಮಾಡುವಂತಿಲ್ಲ, ಅವರ ಮನೆಯವರೂ ಮಾಡುವಂತಿಲ್ಲ. ಅನುವಾದಕರು ಪ್ರಮಾಣೀಕೃತರಲ್ಲದಿದ್ದರೆ ಅವರ ಅಫಿಡವಿಟ್ ಕೂಡ ಬೇಕು. ಅಮೆರಿಕದ ವಲಸೆ ಇಲಾಖೆಗೆ ಕೊಡುವ ಕಾಗದಗಳಿಗೆ ಪೂರ್ತಿ ಅನುವಾದ ಬೇಕು. ಜೊತೆಗೆ ಅದು ಸಂಪೂರ್ಣವಾಗಿದೆ, ನಿಖರವಾಗಿದೆ, ಈ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಯೋಗ್ಯತೆ ತನಗಿದೆ ಎಂದು ಅನುವಾದಕರು ಬರೆದುಕೊಡಬೇಕು. ಬ್ರಿಟನ್ನಿನವರು ಕೇಳುವುದು ಅನುವಾದ ನಿಖರವಾಗಿದೆ ಎಂಬ ಮಾತು, ತಾರೀಖು, ಅನುವಾದಕರ ಪೂರ್ತಿ ಹೆಸರು, ಸಹಿ, ಸಂಪರ್ಕದ ವಿವರ. ಆಸ್ಟ್ರೇಲಿಯಾದ ಒಳಗೆ ಮಾಡಿಸಿದರೆ, ಅಲ್ಲಿ ಅನುವಾದಕರಿಗೆ ಮಾನ್ಯತೆ ಕೊಡುವ `NAATI` ಸಂಸ್ಥೆಯ ಮಾನ್ಯತೆ ಇರುವವರೇ ಆಗಬೇಕು. ಹೊರಗೆ ಮಾಡಿಸಿದರೆ ಅನುವಾದಕರು ತಮ್ಮ ಹೆಸರು, ವಿಳಾಸ, ಫೋನ್, ವಿದ್ಯಾರ್ಹತೆ, ಅನುಭವ ಬರೆಯಬೇಕು.

ಎಲ್ಲಿ ಅಡ್ಡಿ ಇಲ್ಲವೋ ಅಲ್ಲಿಯೂ ನಿಮ್ಮ ಹಣದ ಲೆಕ್ಕವನ್ನು ನೀವೇ ಅನುವಾದಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರಿಂದ ಮಾಡಿಸಿ, ಆಮೇಲೆ ಅಂಕಿಗಳನ್ನು ನೀವೇ ಕೂತು ತಾಳೆ ನೋಡಿ. ನಿಮ್ಮ ಖಾತೆ ನಿಮಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ?

ಪುಟದ ರೂಪ ಹಾಗೇ ಇರಬೇಕಾ?

ಹೌದು. ಮೂಲದ ಒಂದು ಪುಟಕ್ಕೆ ಅನುವಾದದ ಒಂದು ಪುಟ. ಅದೇ ಕಾಲಂಗಳು, ಅದೇ ಕ್ರಮ, ಅಷ್ಟೇ ಸಾಲುಗಳು. ಖಾಲಿ ಬಿಟ್ಟ ಜಾಗ ಖಾಲಿಯೇ ಇರಲಿ. ಕ್ರಮಸಂಖ್ಯೆ ಮೂಲದಲ್ಲಿ ಇಲ್ಲದಿದ್ದರೆ ನೀವು ಸೇರಿಸಬೇಡಿ. ಬ್ಯಾಂಕಿನ ಲೋಗೋ ಕತ್ತರಿಸಿ ಅಂಟಿಸಬೇಡಿ. ಅನುವಾದ ನೋಡಿದರೆ ಅದು ಅನುವಾದ ಎಂದೇ ಗೊತ್ತಾಗಬೇಕು, ಬ್ಯಾಂಕಿನ ಕಾಗದ ಅನ್ನಿಸಬಾರದು.

ಕನ್ನಡ ಅಂಕಿಗಳಿದ್ದರೆ ಏನು ಮಾಡಬೇಕು? ಕಾಮಾ ಬದಲಿಸಬೇಕಾ?

ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿ ಬರೆಯಲೇಬೇಕು. ಕೈಬರಹದಲ್ಲಿ ೬ ಮತ್ತು ೯ ಒಂದೇ ತರ ಕಾಣುತ್ತವೆ. ೨ ಮತ್ತು ೩ ಕೂಡ ಅಷ್ಟೇ. ಒಂದೇ ಗುಮಾಸ್ತರು ಬರೆದ ಬೇರೆ ಸಾಲುಗಳಲ್ಲಿ ಅವರ ೬ ಹೇಗಿದೆ ಎಂದು ನೋಡಿಕೊಂಡು ಓದಿ. ಇಂಗ್ಲಿಷ್ ಅಂಕಿ, ಕನ್ನಡ ಅಂಕಿ ಎರಡೂ ಬೆರೆತ ಪಾಸ್‌ಬುಕ್ಕಿನಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಅವಸರದಲ್ಲಿ ಬರೆದ ೪ ನೋಡಲು ಇಂಗ್ಲಿಷಿನ 8ರ ಹಾಗೇ ಕಾಣಬಹುದು.

ಕಾಮಾ ವಿಷಯದಲ್ಲಿ ನನ್ನ ಪದ್ಧತಿ ಹೀಗಿದೆ. 2,46,650.00 ಎಂದಿದ್ದರೆ ಹಾಗೇ ಬಿಡುತ್ತೇನೆ. ಕಾಮಾ ಬೇರೆ ಕಡೆ ಇದ್ದರೂ ಮೊತ್ತ ತಪ್ಪಾಗಿ ಓದಿಸಿಕೊಳ್ಳುವುದಿಲ್ಲ, ಮೂಲದ ಜೊತೆ ಹೋಲಿಸಲು ಸುಲಭ. ಮೊದಲ ಪುಟದ ಕೆಳಗೆ ಒಂದು ಟಿಪ್ಪಣಿ ಹಾಕಿದರೆ ಸಾಕು:

```
Translator's note: Amounts keep the digit grouping
of the original. 2,46,650.00 = 246,650.00
```

ಆದರೆ ಬೇರೆ ಕೆಲವು ದೇಶಗಳ ಬ್ಯಾಂಕಿನ ಕಾಗದದಲ್ಲಿ ಚುಕ್ಕಿ ಮತ್ತು ಕಾಮಾ ಅದಲುಬದಲಾಗಿ ಬರುತ್ತವೆ. ಅಲ್ಲಿ 1.250,00 ಎಂದರೆ ಸಾವಿರದ ಇನ್ನೂರೈವತ್ತು. ಹಾಗೇ ಬಿಟ್ಟರೆ ಇಂಗ್ಲಿಷ್ ಓದುವವರಿಗೆ ಒಂದೂಕಾಲು ಅನ್ನಿಸಿಬಿಡಬಹುದು. ಅಂಥ ಕಡೆ 1,250.00 ಎಂದು ಬದಲಿಸಿ, ಬದಲಿಸಿದ್ದೇನೆ ಎಂದು ಟಿಪ್ಪಣಿ ಹಾಕಿ. ಓದುವಾಗ ಬೆಲೆಯೇ ಬದಲಾಗುವ ಹಾಗಿದ್ದರೆ ಮಾತ್ರ ಗುರುತು ಮುಟ್ಟಬೇಕು.

ಮೊತ್ತವನ್ನು ಡಾಲರಿಗೋ ಪೌಂಡಿಗೋ ಬದಲಿಸಿ ಬರೆಯಲಾ?

ಬೇಡ. ಅನುವಾದದಲ್ಲಿ ಇರಬೇಕಾದ್ದು ಮೂಲದ ಹಣವೇ. ಬದಲಿಸಿದ ಮೊತ್ತ ಕೇಳಿದ್ದರೆ ಬೇರೆ ಕಾಗದದಲ್ಲಿ ಕೊಡಿ.

ಅಂಕಿ ಸರಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಇದೇ ಈ ಕೆಲಸದ ಜೀವ. ಸ್ಟೇಟ್‌ಮೆಂಟಿಗೆ ಬೇರೆ ದಾಖಲೆಗಳಿಗಿಲ್ಲದ ಒಂದು ಅನುಕೂಲ ಇದೆ. ಪ್ರತಿ ಸಾಲಿನಲ್ಲಿ ಉಳಿಕೆ ಬರೆದಿರುವುದರಿಂದ ಅದು ತನ್ನ ತಪ್ಪನ್ನು ತಾನೇ ಹೇಳುತ್ತದೆ. ಒಂದು ತಿಂಗಳ ಲೆಕ್ಕ ನೋಡೋಣ.

ಆರಂಭದ ಶಿಲ್ಕು 1,84,250.00. ಏಪ್ರಿಲ್ 3ರಂದು ಜಮಾ 62,400.00, ಉಳಿಕೆ 2,46,650.00. 5ರಂದು ಚೆಕ್ ಮೂಲಕ ನಾವೆ, ಅಂದರೆ ಖಾತೆಯಿಂದ ಹೋದದ್ದು, 15,750.00, ಉಳಿಕೆ 2,30,900.00. 17ರಂದು ನಗದು ತೆಗೆದದ್ದು 8,640.50, ಉಳಿಕೆ 2,22,259.50. 30ರಂದು ಬಡ್ಡಿ ಜಮಾ 1,312.00, ಕೊನೆಯ ಶಿಲ್ಕು 2,23,571.50.

ಈಗ ಅನುವಾದದ ಪ್ರತಿಯನ್ನು ಮಾತ್ರ ಎದುರಿಗೆ ಇಟ್ಟುಕೊಂಡು ಕೂಡಿ. ಮೂಲ ನೋಡಬೇಡಿ. ಜಮಾ ಒಟ್ಟು 63,712.00, ನಾವೆ ಒಟ್ಟು 24,390.50. ಆರಂಭಕ್ಕೆ ಜಮಾ ಸೇರಿಸಿ ನಾವೆ ಕಳೆದರೆ 2,23,571.50 ಬರಬೇಕು. ಬಂದರೆ ಸರಿ.

ಬರದಿದ್ದರೆ ವ್ಯತ್ಯಾಸ ಎಷ್ಟು ಅಂತ ನೋಡಿ, ಅದರಲ್ಲೇ ಸುಳಿವು ಇರುತ್ತದೆ. ಅನುವಾದದಲ್ಲಿ 15,750ರ ಬದಲು 17,550 ಎಂದು ಟೈಪ್ ಆಗಿದೆ ಅಂದುಕೊಳ್ಳಿ. ವ್ಯತ್ಯಾಸ 1,800. ಇದು 9ರಿಂದ ಸರಿಯಾಗಿ ಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ಯಾವಾಗಲೂ ಹೀಗೇ ಆಗುತ್ತದೆ. ಒಂದು ಸೊನ್ನೆ ಜಾಸ್ತಿಯೋ ಕಡಿಮೆಯೋ ಆದಾಗಲೂ ಅಷ್ಟೇ. ಹಾಗಾಗಿ 9ರಿಂದ ಭಾಗವಾಯಿತು ಅಂದರೆ ಮೊದಲು ಅದಲುಬದಲು, ಆಮೇಲೆ ಸೊನ್ನೆ ಹುಡುಕಿ. ಇನ್ನೊಂದು ಸಾಮಾನ್ಯ ತಪ್ಪು ಎಂದರೆ ನಾವೆಯ ಮೊತ್ತ ಜಮಾ ಕಾಲಮಿಗೆ ಜಾರುವುದು. 8,640.50 ಹಾಗೆ ಜಾರಿದರೆ ವ್ಯತ್ಯಾಸ 17,281 ಬರುತ್ತದೆ, ಅಂದರೆ ಆ ಮೊತ್ತದ ಎರಡರಷ್ಟು. ವ್ಯತ್ಯಾಸವನ್ನು ಅರ್ಧ ಮಾಡಿ ಆ ಸಂಖ್ಯೆ ಪುಟದಲ್ಲಿ ಇದೆಯಾ ನೋಡಿ, ಕೂಡಲೇ ಸಿಗುತ್ತದೆ.

ಈ ಲೆಕ್ಕಕ್ಕೂ ಸಿಗದ ತಪ್ಪುಗಳಿವೆ. ಖಾತೆ ಸಂಖ್ಯೆ, ಚೆಕ್ ಸಂಖ್ಯೆ, ವ್ಯವಹಾರದ ಸಂಖ್ಯೆ ಕೂಡಿಸುವಂಥವಲ್ಲ. ಅವಕ್ಕೆ ಇಬ್ಬರು ಬೇಕು. ಒಬ್ಬರು ಮೂಲದಿಂದ ಒಂದೊಂದೇ ಅಂಕಿ ಜೋರಾಗಿ ಓದಬೇಕು, ಇನ್ನೊಬ್ಬರು ಅನುವಾದದಲ್ಲಿ ಬೆರಳಿಟ್ಟು ನೋಡಬೇಕು. ಜೊತೆಗೆ ಯಾರೂ ಇಲ್ಲ ಅಂದರೆ ನೀವೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳುತ್ತಾ ನೋಡಿ. ನಾನು ಒಬ್ಬಳೇ ಇರುವಾಗ ಹಾಗೇ ಮಾಡುವುದು.

ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಸುಲಭ ಅಲ್ವಾ?

ಸುಲಭ, ಆದರೆ ಅದು ನಿಮಗೆ ಹೇಳದೆ ಅಂಕಿ ಬದಲಿಸುತ್ತದೆ. ಚೆಕ್ ಸಂಖ್ಯೆ 000482 ಎಂದು ಹೊಡೆದರೆ 482 ಆಗಿ ಕೂರುತ್ತದೆ. ಉದ್ದ ಖಾತೆ ಸಂಖ್ಯೆ ಇನ್ನೂ ಅಪಾಯ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ, 16ನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಆಮೇಲೆ ಸೆಲ್‌ನ ರೂಪ ಬದಲಿಸಿದರೂ ಹೋದ ಅಂಕಿ ವಾಪಸ್ ಬರುವುದಿಲ್ಲ. ಟೈಪ್ ಮಾಡುವ ಮೊದಲೇ ಆ ಕಾಲಮ್ಮುಗಳನ್ನು `Text` ಎಂದು ಬದಲಿಸಿಕೊಳ್ಳಿ. ತಾರೀಖಿನ ಕಾಲಮ್ಮಿಗೂ ಹಾಗೇ ಮಾಡಿ.

ಒಮ್ಮೆ ನಾನೇ ಇದರಲ್ಲಿ ಸಿಕ್ಕಿಬಿದ್ದಿದ್ದೆ. ಎಂಟು ಪುಟ ಮುಗಿಸಿ, ಲೆಕ್ಕವೆಲ್ಲ ತಾಳೆಯಾಗಿ, ಸಹಿ ಹಾಕುವ ಹೊತ್ತಿಗೆ ಖಾತೆ ಸಂಖ್ಯೆಯ ಕೊನೆಯ ಅಂಕಿ ಎಂಟೂ ಪುಟದಲ್ಲಿ ಸೊನ್ನೆ ಆಗಿರುವುದು ಕಂಡಿತು. ಅವತ್ತಿನಿಂದ ಖಾತೆ ಸಂಖ್ಯೆಯನ್ನು ಎಲ್ಲಕ್ಕಿಂತ ಕೊನೆಗೆ ಇನ್ನೊಂದು ಸಲ ನೋಡದೆ ಸಹಿ ಹಾಕಿಲ್ಲ.

ಮೂಲದಲ್ಲಿ ಖಾತೆ ಸಂಖ್ಯೆಯ ಕೆಲವು ಅಂಕಿ ಮುಚ್ಚಿ ನಕ್ಷತ್ರವೋ `X` ಗುರುತೋ ಹಾಕಿದ್ದರೆ ಅಷ್ಟೇ ಗುರುತು ಹಾಕಿ. ಪೂರ್ತಿ ಸಂಖ್ಯೆ ನಿಮಗೆ ಗೊತ್ತಿದ್ದರೂ ತುಂಬಬೇಡಿ.

ತಾರೀಖು ಹೇಗೆ ಬರೆಯಬೇಕು?

05-04-2025 ಎಂದರೆ ನಮಗೆ ಏಪ್ರಿಲ್ 5, ಅಮೆರಿಕದವರಿಗೆ ಮೇ 4. ಅದಕ್ಕೇ ತಿಂಗಳನ್ನು ಅಕ್ಷರದಲ್ಲಿ ಬರೆಯುತ್ತೇನೆ, `05 Apr 2025` ಅಂತ. ಮೂಲದಲ್ಲಿ ದಿನ ಮೊದಲೋ ತಿಂಗಳು ಮೊದಲೋ ಎಂದು ಅನುಮಾನವಿದ್ದರೆ 12ಕ್ಕಿಂತ ದೊಡ್ಡ ಅಂಕಿ ಇರುವ ತಾರೀಖು ಹುಡುಕಿ. 17-04 ಎಂದು ಸಿಕ್ಕಿದರೆ ದಿನವೇ ಮೊದಲು ಅಂತ ಖಾತ್ರಿ. ವ್ಯವಹಾರದ ತಾರೀಖು ಬೇರೆ, ಹಣ ಲೆಕ್ಕಕ್ಕೆ ಬಂದ ತಾರೀಖು ಬೇರೆ ಇದ್ದರೆ ಎರಡು ಕಾಲಮ್ಮನ್ನೂ ಉಳಿಸಿ.

ಜಮಾ, ನಾವೆ, ಬಾಕಿ ಇವಕ್ಕೆ ಇಂಗ್ಲಿಷಿನಲ್ಲಿ ಏನು?

ಜಮಾ ಎಂದರೆ `Credit`, ನಾವೆ ಎಂದರೆ `Debit`, ಶಿಲ್ಕು ಎಂದರೆ `Balance`. ಕೆಲವು ಕಡೆ ನಾವೆ ಕಾಲಮಿಗೆ ಖರ್ಚು ಎಂದು ಬರೆದಿರುತ್ತದೆ. ಅದನ್ನು `Expense` ಎಂದು ಬರೆಯಬೇಡಿ. ನಿಮ್ಮದೇ ಇನ್ನೊಂದು ಖಾತೆಗೆ ವರ್ಗಾಯಿಸಿದ ಹಣವೂ ಆ ಕಾಲಮಿನಲ್ಲೇ ಇರುತ್ತದೆ, ಅದು ಖರ್ಚಾಗಿದೆ ಅನ್ನುವ ಅರ್ಥ ಬಂದುಬಿಡುತ್ತದೆ.

ನಿಜವಾಗಿ ಕಷ್ಟ ಕೊಡುವ ಮಾತು ಬಾಕಿ. ಕೈಬರಹದ ಒಂದು ಸಾಲು ಹೀಗಿತ್ತು ಅಂದುಕೊಳ್ಳಿ: “೦೫-೦೪-೨೦೨೫, ಚೆ.ನಂ. ೦೦೦೪೮೨, ನಾವೆ ೧೫,೭೫೦.೦೦, ಬಾಕಿ ೨,೩೦,೯೦೦.೦೦.” ಉಳಿತಾಯ ಖಾತೆಯಲ್ಲಿ ಈ ಬಾಕಿ ಎಂದರೆ ಖಾತೆಯಲ್ಲಿ ಉಳಿದಿರುವ ಹಣ. ನಿಘಂಟು ನೋಡಿ `Due` ಎಂದು ಬರೆದರೆ ಅರ್ಜಿದಾರರು ಅಷ್ಟು ಸಾಲ ಉಳಿಸಿಕೊಂಡಿದ್ದಾರೆ ಎಂದಾಗುತ್ತದೆ! ಸಾಲದ ಖಾತೆಯಲ್ಲಿ ಇದೇ ಮಾತು ಬಂದರೆ ಆಗ `Outstanding` ಸರಿ. ಅದಕ್ಕೇ ಪದ ಅನುವಾದಿಸುವ ಮೊದಲು ಪುಸ್ತಕದ ಮೇಲೆ ಯಾವ ಖಾತೆ ಎಂದಿದೆ ನೋಡಿ. ಆ ಸಾಲು ಅನುವಾದದಲ್ಲಿ ಹೀಗಿರುತ್ತದೆ:

```
05 Apr 2025 | Chq. No. 000482 | Debit 15,750.00 | Balance 2,30,900.00
```

ಒಂದು ಪದಕ್ಕೆ ಒಂದೇ ಇಂಗ್ಲಿಷ್ ಪದ, ಮೊದಲ ಪುಟದಿಂದ ಕೊನೆಯವರೆಗೆ. ಮೂರನೇ ಪುಟದಲ್ಲಿ ಬೇರೆ ಪದ ಹಾಕಿದರೆ ಓದುವವರು ಅದು ಬೇರೆ ಏನೋ ಎಂದುಕೊಳ್ಳುತ್ತಾರೆ.

ಸಂಕ್ಷಿಪ್ತ ಪದಗಳನ್ನು ಬಿಡಿಸಿ ಬರೆಯಬೇಕಾ?

ಮೂಲದಲ್ಲೇ ಇಂಗ್ಲಿಷ್ ಅಕ್ಷರದಲ್ಲಿರುವ `TRF`, `CLG`, `INT` ತರದವನ್ನು ಒಂದು ಚುಕ್ಕಿಯೂ ಬದಲಾಗದ ಹಾಗೆ ಉಳಿಸಿ. ಬಿಡಿಸಿ ಹೇಳಬೇಕು ಅನ್ನಿಸಿದರೆ ಕೊನೆಯಲ್ಲಿ ಒಂದು ಚಿಕ್ಕ ಪಟ್ಟಿ ಕೊಡಿ, ಸಾಲಿನೊಳಗೆ ತುರುಕಬೇಡಿ. ಅದನ್ನೂ ಬ್ಯಾಂಕಿನವರು ಹೇಳಿದ ಅರ್ಥದಲ್ಲೇ ಕೊಡಿ. ಒಂದೇ ಮೂರಕ್ಷರಕ್ಕೆ ಎರಡು ಬ್ಯಾಂಕಿನಲ್ಲಿ ಎರಡು ಅರ್ಥ ಇರಬಹುದು.

ಕನ್ನಡದ ಸಂಕ್ಷಿಪ್ತಗಳನ್ನು ಹಾಗೇ ಬಿಟ್ಟರೆ ಅವರಿಗೆ ತಿಳಿಯುವುದಿಲ್ಲ, ಅವನ್ನು ಬಿಡಿಸಿ ಅನುವಾದಿಸಬೇಕು. “ಉ.ಖಾ.” ಎಂದರೆ ಉಳಿತಾಯ ಖಾತೆ, `Savings Account`. ಅರ್ಥ ಗೊತ್ತಾಗದ್ದು ಸಿಕ್ಕರೆ ಶಾಖೆಗೆ ಫೋನ್ ಮಾಡಿ ಕೇಳಿ. ಅವರಿಗೂ ಗೊತ್ತಿಲ್ಲ ಎಂದರೆ ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಇದು ಮೂಲದಲ್ಲಿರುವ ಸಂಕ್ಷಿಪ್ತ ಎಂದು ಚೌಕ ಕಂಸದಲ್ಲಿ ಹಾಕಿ. ಊಹೆ ಮಾಡಿ “ಸಂಬಳ” ಎಂದು ಬರೆದು, ಆಮೇಲೆ ಅದು ಸಾಲದ ಹಣ ಎಂದು ಗೊತ್ತಾದರೆ ಅರ್ಜಿದಾರರು ಸುಳ್ಳು ಹೇಳಿದರು ಎಂದೇ ಆಗುತ್ತದೆ. ಊಹಿಸಿದ್ದು ನೀವು, ಪೆಟ್ಟು ಅವರಿಗೆ.

ಸೀಲು, ಸಹಿ ಹೇಗೆ ತೋರಿಸಬೇಕು?

ಮಾತಿನಲ್ಲಿ ವಿವರಿಸಬೇಕು. ಸೀಲನ್ನು ಸ್ಕ್ಯಾನ್ ಮಾಡಿ ಅನುವಾದದ ಪುಟಕ್ಕೆ ಅಂಟಿಸುವುದು, ಅದೇ ತರದ ಗುಂಡು ಸೀಲು ಇಂಗ್ಲಿಷಿನಲ್ಲಿ ಬಿಡಿಸುವುದು ಎರಡೂ ಬೇಡ. ಮಾಡಿದವರ ಮನಸ್ಸಿನಲ್ಲಿ ಒಳ್ಳೆಯದೇ ಇದ್ದರೂ ನೋಡುವವರಿಗೆ ಅದು ನಕಲಿ ಸೀಲು.

ಮೂಲದಲ್ಲಿ ಸೀಲು ಎಲ್ಲಿದೆಯೋ ಅನುವಾದದಲ್ಲೂ ಅಲ್ಲೇ ಚೌಕ ಕಂಸ ತೆರೆದು ಆಕಾರ, ಬಣ್ಣ, ಹೊರಸುತ್ತಿನ ಬರಹ, ನಡುವಿನ ಬರಹ ಬರೆಯಿರಿ. ಓದಲು ಬಾರದ್ದನ್ನು ಬಾರದು ಎಂದೇ ಬರೆಯಿರಿ.

```
[Round seal, violet ink, partly over signature.
Outer ring: (bank and branch name)
Centre: "Manager". Date: illegible]
[Signature]
```

ಸಹಿಯ ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಷರಾ ಇದ್ದರೆ ಅದನ್ನೂ ಅನುವಾದಿಸಿ, ಕೈಬರಹ ಎಂದು ಗುರುತಿಸಿ. ಹೊಡೆದುಹಾಕಿದ ಸಾಲಿಗೂ ಅದೇ ರೀತಿ. ಸೀಲೇ ಇಲ್ಲದ ಸ್ಟೇಟ್‌ಮೆಂಟಿನ ಕೊನೆಗೆ “ಇದು ಕಂಪ್ಯೂಟರಿನಲ್ಲಿ ತಯಾರಾದದ್ದು, ಸಹಿ ಬೇಕಾಗಿಲ್ಲ” ಎಂಬ ಸಣ್ಣ ಅಕ್ಷರದ ಸಾಲು ಇರುತ್ತದೆ. ಅದನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ, ಸೀಲು ಯಾಕಿಲ್ಲ ಅನ್ನುವುದಕ್ಕೆ ಉತ್ತರ ಆ ಸಾಲಿನಲ್ಲೇ ಇದೆ.

ಸೀಲು ಅಂಕಿಯ ಮೇಲೇ ಬಿದ್ದಿದೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಬರೆದುಬಿಡಲಾ?

ಬೇಡ. ಮೊದಲು ಹೊಸ ಪ್ರತಿ ಕೇಳಿ, ಅದು ಸಿಗದಿದ್ದರೆ ಕಾಣದ ಅಂಕಿಯ ಜಾಗದಲ್ಲಿ `[obscured by seal]` ಎಂದು ಬರೆಯಿರಿ. ಉಳಿಕೆಯ ಪ್ರಕಾರ ಮೊತ್ತ ಇಷ್ಟಾಗುತ್ತದೆ ಎಂದು ಕೆಳಗೆ ಟಿಪ್ಪಣಿಯಲ್ಲಿ ಹೇಳಬಹುದು. ಕಣ್ಣಿಗೆ ಕಂಡದ್ದು ಕೋಷ್ಟಕದಲ್ಲಿ ಇರಲಿ, ಲೆಕ್ಕದಿಂದ ತಿಳಿದದ್ದು ಟಿಪ್ಪಣಿಯಲ್ಲಿ ಇರಲಿ.

ಬ್ಯಾಂಕೇ ತಪ್ಪು ಬರೆದಿದ್ದರೂ ಹೀಗೇ. ಮೂಲದಲ್ಲೇ ಕೂಡುವಿಕೆ ತಪ್ಪಿದ್ದರೆ ತಪ್ಪನ್ನೇ ಇಳಿಸಿ, ಪಕ್ಕದಲ್ಲಿ `[as in original]` ಎಂದು ಹಾಕಿ, ಖಾತೆದಾರರಿಗೆ ತಿಳಿಸಿ. ತಿದ್ದುವುದು ಬ್ಯಾಂಕಿನ ಕೆಲಸ. ಅವರು ತಿದ್ದಿ ಹೊಸದು ಕೊಟ್ಟರೆ ಆ ಪುಟ ಮತ್ತೆ ಅನುವಾದಿಸಿ.

ಹೆಸರಿನ ಸ್ಪೆಲಿಂಗ್?

ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ. ಕನ್ನಡದ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ತರ ಬರೆಯಬಹುದು, ಅದರಲ್ಲಿ ಪಾಸ್‌ಪೋರ್ಟಿನ ತರವನ್ನೇ ತೆಗೆದುಕೊಂಡು ಟಿಪ್ಪಣಿಯಲ್ಲಿ ಹೇಳಿ. ಆದರೆ ಸ್ಪೆಲಿಂಗ್ ಬೇರೆ, ಹೆಸರೇ ಬೇರೆ. ಸ್ಟೇಟ್‌ಮೆಂಟಿನಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಅದನ್ನು ಬಿಡಿಸಬೇಡಿ, ಇಲ್ಲದ ಮನೆತನದ ಹೆಸರು ಸೇರಿಸಬೇಡಿ. ಎರಡೂ ಹೆಸರು ಒಬ್ಬರದೇ ಎಂದು ಬ್ಯಾಂಕಿನಿಂದ ಒಂದು ಪತ್ರ ತೆಗೆದುಕೊಂಡರೆ ಸಲೀಸು.

ಕೊನೆಯ ಪ್ರಮಾಣಪತ್ರದಲ್ಲಿ ಏನಿರಬೇಕು?

ಉದ್ದ ಬೇಕಿಲ್ಲ. ನಾನು ಬಳಸುವುದು ಇದು:

```
I, (full name), am competent to translate from Kannada
into English. This is a complete and accurate translation
of the attached bank statement, (number) pages.
Signature, date, address, phone, email
```

ಆಸ್ಟ್ರೇಲಿಯಾಗೆ ಆದರೆ ವಿದ್ಯಾರ್ಹತೆ, ಅನುಭವ ಸೇರಿಸಿ. ಕೆನಡಾಗೆ ಬೇಕಾದರೆ ಅಫಿಡವಿಟ್ ಮಾಡಿಸಿ. ಪುಟಗಳ ಸಂಖ್ಯೆ ಬರೆಯುವುದನ್ನು ಮರೆಯಬೇಡಿ, ಮಧ್ಯೆ ಒಂದು ಪುಟ ಕಳೆದರೆ ಅದರಿಂದಲೇ ಗೊತ್ತಾಗುವುದು. ಮೂಲದ ಪ್ರತಿ, ಅನುವಾದ, ಪ್ರಮಾಣಪತ್ರ ಮೂರನ್ನೂ ಇದೇ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ. ಅಪ್‌ಲೋಡ್ ಮಾಡುವಾಗ ಗಾತ್ರ ಕಡಿಮೆ ಮಾಡಬೇಕಾಗಿ ಬಂದರೆ, ಮಾಡಿದ ಮೇಲೆ ತೆರೆದು ಸೀಲಿನ ಅಕ್ಷರ, ದಶಮಾಂಶದ ಚುಕ್ಕಿ ಇನ್ನೂ ಕಾಣುತ್ತಿವೆಯಾ ನೋಡಿ. ಜಾಸ್ತಿ ಕುಗ್ಗಿಸಿದಾಗ ಮೊದಲು ಮಾಯವಾಗುವುದು ಆ ಚುಕ್ಕಿಯೇ.